ದೇವರ ಕುರಿತ ಮಾತು ಸುಳ್ಳಾಗುವುದು ಯಾವಾಗ?

ಅನುಭವದ ಒರೆಗೆ ಹಚ್ಚಲಾಗದ ಮಾತಿಗೆ ಅರ್ಥವೇ ಇಲ್ಲ, ಹಾಗಾಗಿ ‘ದೇವರಿದ್ದಾನೆ’ ಎನ್ನುವುದೂ ‘ಇಲ್ಲ’ ಎನ್ನುವುದೂ ಅರ್ಥಹೀನ ಎಂದು 1936ರಲ್ಲಿ ಎ. ಜೆ. ಏಯರ್ ವಾದಿಸಿದರು. ಆದರೆ ಆ ನಿಯಮವನ್ನೇ ಯಾವ ಅನುಭವದ ಒರೆಗೆ ಹಚ್ಚುವುದು? ಅದಕ್ಕೆ ಉತ್ತರ ಸಿಗದೆ ವಾದ ಸೊರಗಿತು. 1950ರಲ್ಲಿ ಆಕ್ಸ್‌ಫರ್ಡಿನ ಸಾಕ್ರೆಟಿಕ್ ಕ್ಲಬ್ಬಿನಲ್ಲಿ ಆಂಟನಿ ಫ್ಲೂ ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ಬಿಸಿಯಾಗಿಯೇ ಇದೆ.

ಫ್ಲೂ ಒಂದು ಕಥೆ ಹೇಳಿದರು. ಕಾಡಿನ ನಡುವೆ ಇಬ್ಬರಿಗೆ ಒಂದು ಬಯಲು ಕಾಣುತ್ತದೆ. ಹೂವೂ ಇದೆ, ಕಳೆಯೂ ಇದೆ. ಇದನ್ನು ನೋಡಿಕೊಳ್ಳುವ ತೋಟಗಾರನೊಬ್ಬ ಇದ್ದಾನೆ ಎನ್ನುತ್ತಾನೆ ಒಬ್ಬ. ಕಾವಲು ಕಾಯುತ್ತಾರೆ, ಯಾರೂ ಬರುವುದಿಲ್ಲ. ವಿದ್ಯುತ್ ಬೇಲಿ ಹಾಕುತ್ತಾರೆ, ಮೂಸಿ ಹಿಡಿಯುವ ನಾಯಿಗಳನ್ನು ಬಿಡುತ್ತಾರೆ. ಬೇಲಿ ಅಲುಗುವುದಿಲ್ಲ, ನಾಯಿ ಬೊಗಳುವುದಿಲ್ಲ. ಅವನು ಕಣ್ಣಿಗೆ ಕಾಣುವವನಲ್ಲ, ಮುಟ್ಟಲು ಸಿಗುವವನಲ್ಲ, ಅವನಿಗೆ ವಾಸನೆಯೂ ಇಲ್ಲ ಎಂದು ನಂಬಿದವನು ಹೇಳುತ್ತಲೇ ಹೋಗುತ್ತಾನೆ. ಹಾಗಾದರೆ ಅಂಥ ತೋಟಗಾರನಿಗೂ ಇಲ್ಲದ ತೋಟಗಾರನಿಗೂ ವ್ಯತ್ಯಾಸವೇನು ಎಂದು ಇನ್ನೊಬ್ಬ ಕೇಳುತ್ತಾನೆ.

ಫ್ಲೂ ಅವರ ತರ್ಕ ಇಷ್ಟೇ: ಏನನ್ನಾದರೂ ಹೌದು ಎಂದರೆ ಅದರ ವಿರುದ್ಧವಾದದ್ದನ್ನು ಅಲ್ಲ ಎಂದಂತೆ. ಏನೇ ನಡೆದರೂ ಕೆಡದ ಮಾತು ಏನನ್ನೂ ಹೇಳುತ್ತಿಲ್ಲ. ಅವರೇ ಕೊಟ್ಟ ಉದಾಹರಣೆ ಎದೆ ಹಿಂಡುತ್ತದೆ. ಗಂಟಲಿನ ಕ್ಯಾನ್ಸರಿನಿಂದ ಮಗು ಸಾಯುತ್ತಿದೆ. ಹೆತ್ತ ತಂದೆ ಹುಚ್ಚನಂತೆ ಓಡಾಡುತ್ತಾನೆ. ಸ್ವರ್ಗದ ತಂದೆಯಿಂದ ಸದ್ದಿಲ್ಲ. ‘ದೇವರ ಪ್ರೀತಿ ಮನುಷ್ಯರ ಪ್ರೀತಿಯಂತಲ್ಲ’ ಎಂದು ಸಮಾಧಾನ ಹೇಳಿದಾಗ, ‘ಪ್ರೀತಿ’ಯಲ್ಲಿ ಉಳಿದದ್ದೇನು?

ಬೇಸಿಲ್ ಮಿಚೆಲ್ ಉತ್ತರ ಕೊಟ್ಟರು. ಶತ್ರುಗಳ ವಶವಾದ ದೇಶದಲ್ಲಿ ಪ್ರತಿರೋಧದ ಹೋರಾಟಗಾರನೊಬ್ಬನಿಗೆ ಒಂದು ರಾತ್ರಿ ಅಪರಿಚಿತನೊಬ್ಬ ಸಿಗುತ್ತಾನೆ. ನಾನು ನಿಮ್ಮ ಪಕ್ಷದವನೇ, ಏನಾದರೂ ನಂಬು ಎನ್ನುತ್ತಾನೆ. ಮುಂದೆ ಅವನು ಕೆಲವೊಮ್ಮೆ ನೆರವಾಗುತ್ತಾನೆ. ಕೆಲವೊಮ್ಮೆ ಪೊಲೀಸ್ ಸಮವಸ್ತ್ರದಲ್ಲಿ ನಿಂತು ಹೋರಾಟಗಾರರನ್ನು ಹಿಡಿದುಕೊಡುತ್ತಾನೆ. ಈ ನಂಬಿದವನು ತೋಟದ ಕಥೆಯವನಂತಲ್ಲ. ಕಂಡದ್ದು ತನ್ನ ನಂಬಿಕೆಗೆ ವಿರುದ್ಧವೆಂದು ಒಪ್ಪುತ್ತಾನೆ, ನೋಯುತ್ತಾನೆ, ಆದರೂ ಕೈಬಿಡುವುದಿಲ್ಲ. ಎಲ್ಲಿಯವರೆಗೆ ನಂಬಬಹುದು ಎಂದು ಮೊದಲೇ ಗೆರೆ ಎಳೆಯಲಾಗದು ಎನ್ನುತ್ತಾರೆ ಮಿಚೆಲ್.

ಆಸ್ತಿಕರ ಮನಸ್ಸನ್ನು ಇದಕ್ಕಿಂತ ನಿಜವಾಗಿ ಯಾರೂ ಚಿತ್ರಿಸಿಲ್ಲ ಎಂದು ನನಗನ್ನಿಸುತ್ತದೆ. ಆದರೂ ಫ್ಲೂ ಅವರ ಮರುಮಾತನ್ನು ತಳ್ಳಿಹಾಕಲಾರೆ: ಅಪರಿಚಿತ ಮನುಷ್ಯ, ಅವನಿಗೆ ಸಿಕ್ಕಿಬೀಳುವ ಭಯವಿದೆ, ಕೈಲಾಗದ ಕೆಲಸಗಳಿವೆ. ಸರ್ವಶಕ್ತನಿಗೆ ಯಾವ ಸಬೂಬು ಹುಡುಕುವುದು?

1960ರಲ್ಲಿ ಜಾನ್ ಹಿಕ್ ಬೇರೆ ದಾರಿ ಹಿಡಿದರು. ಒಂದೇ ರಸ್ತೆಯಲ್ಲಿ ನಡೆಯುವ ಇಬ್ಬರಲ್ಲಿ ಒಬ್ಬ ಕೊನೆಗೆ ದಿವ್ಯನಗರ ಸಿಗುತ್ತದೆ ಎನ್ನುತ್ತಾನೆ. ಕೊನೆಯ ತಿರುವು ದಾಟಿದ ಮೇಲೆ ಯಾರು ಸರಿಯೆಂದು ಗೊತ್ತಾಗುತ್ತದೆ, ಆದ್ದರಿಂದ ಆ ಮಾತಿಗೆ ಅರ್ಥವಿದೆ. ಆದರೆ ಈ ಪರೀಕ್ಷೆ ಒಂದೇ ಕಡೆಗೆ ವಾಲುತ್ತದೆ. ಸಾವಿನಾಚೆ ಬದುಕಿದ್ದರೆ ನಂಬಿದವನಿಗೆ ತಿಳಿಯುತ್ತದೆ. ಇಲ್ಲದಿದ್ದರೆ, ಇಲ್ಲವೆಂದು ತಿಳಿಯಲು ಅಲ್ಲಿ ಯಾರೂ ಇರುವುದಿಲ್ಲ. ಹಿಕ್ ಇದನ್ನು ಒಪ್ಪಿಕೊಂಡರು. ಫ್ಲೂ ಕೇಳಿದ್ದು ಮಾತು ಸುಳ್ಳಾಗುವ ಬಗೆಯನ್ನು. ಹಿಕ್ ಕೊಟ್ಟದ್ದು ನಿಜವಾಗುವ ಬಗೆಯನ್ನು ಮಾತ್ರ.