ಶುಕ್ರವಾರ ಸಂಜೆ ಬರುವ ಆ ಖಾಲಿ ಇನ್ವೈಟ್

ಮಾರ್ಚ್ ಮುಗೀತಾ ಬಂತು ಅಂದ್ರೆ ಎಷ್ಟೋ ಆಫೀಸುಗಳಲ್ಲಿ ಅಪ್ರೈಸಲ್ ಶುರು. ಇವತ್ತಿನ ಮಾತು ಹೊಸದಾಗಿ ಟೀಮ್ ಲೀಡ್ ಆದವರಿಗೆ. ರಿವ್ಯೂ ಮಾಡೋದು ಹೇಗೆ ಅಂತಲ್ಲ, ಅದಕ್ಕೆ ಕರೆಯೋದು ಹೇಗೆ ಅಂತ.

ಒಂದು ಉದಾಹರಣೆ ಇಟ್ಕೊಳ್ಳೋಣ. ನಿಮ್ಮ ಟೀಮಲ್ಲಿ ಒಬ್ಬ ಟೆಸ್ಟರ್ ಇದ್ದಾರೆ. ಕೆಲಸ ಚೆನ್ನಾಗಿದೆ, ಆದರೆ ಹಿಂದಿನ ಎರಡು ರಿಲೀಸ್‌ಗಳಲ್ಲಿ ರಿಪೋರ್ಟ್ ತಡವಾಗಿದೆ. ಶುಕ್ರವಾರ ಸಂಜೆ ಆರೂವರೆಗೆ ನೀವು ಕ್ಯಾಲೆಂಡರ್ ಇನ್ವೈಟ್ ಕಳಿಸ್ತೀರಿ: ‘ಪರ್ಫಾರ್ಮೆನ್ಸ್ ಡಿಸ್ಕಷನ್’, ಸೋಮವಾರ ಹತ್ತಕ್ಕೆ. ವಿವರದ ಜಾಗ ಖಾಲಿ. ಜೊತೆಗೆ ಎಚ್‌ಆರ್ ಹೆಸರು. ನಿಮಗೆ ಅದು ಬರೀ ಪದ್ಧತಿ. ಅವರಿಗೆ? ಎರಡು ದಿನ ಊಟ ಸೇರಲ್ಲ, ಭಾನುವಾರ ರೆಸ್ಯೂಮೆ ಅಪ್‌ಡೇಟ್ ಆಗಿರುತ್ತೆ.

ಇಲ್ಲಿ ಹೆದರಿಸಿದ್ದು ಮೀಟಿಂಗ್ ಅಲ್ಲ, ಆ ಖಾಲಿ ಜಾಗ. ಗೊತ್ತಿಲ್ಲದ್ದನ್ನು ಮನಸ್ಸು ಕೆಟ್ಟದ್ದರಿಂದಲೇ ತುಂಬಿಸಿಕೊಳ್ಳುತ್ತೆ. ಅದಕ್ಕೇ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಇನ್ವೈಟ್. ಮೂರ್ನಾಲ್ಕು ಕೆಲಸದ ದಿನ ಮುಂಚೆ, ಅದೂ ಬೆಳಗ್ಗೆ ಹೇಳಿದ್ರೆ ಒಳ್ಳೇದು. ಅನುಮಾನ ಬಂದ್ರೆ ಅವತ್ತೇ ಕೇಳೋಕೆ ನೀವು ಎದುರಿಗೇ ಇರ್ತೀರಲ್ಲ. ಇನ್ವೈಟ್‌ನಲ್ಲಿ ಹೀಗೆ ಬರೀಬಹುದು:

“ಎಲ್ಲರ ಜೊತೆಗೂ ಮಾಡ್ತಿರೋ ವರ್ಷದ ರಿವ್ಯೂ ಇದು. ಗುರುವಾರ 11ಕ್ಕೆ, 45 ನಿಮಿಷ, ನಾವಿಬ್ಬರೇ. ಈ ವರ್ಷ ನಿಮಗೆ ಚೆನ್ನಾಗಿ ಹೋಗಿದ್ದು, ಹಿಂದಿನ ಎರಡು ರಿಲೀಸ್‌ನಲ್ಲಿ ರಿಪೋರ್ಟ್ ತಡವಾಗಿದ್ದು, ಅದಕ್ಕೆ ನನ್ನ ಕಡೆಯಿಂದ ಏನು ಬೇಕು – ಈ ಮೂರು ಮಾತಾಡೋಣ. ಸಂಬಳದ ವಿಷಯ ಇವತ್ತಿಲ್ಲ, ಅದಕ್ಕೆ ಬೇರೆ ಮೀಟಿಂಗ್ ಇದೆ. ಸಮಯ ಆಗಲ್ಲ ಅಂದ್ರೆ ಬದಲಾಯಿಸಿ.”

ತಡವಾದ ವಿಷಯವನ್ನು ಮುಚ್ಚಿಟ್ಟಿಲ್ಲ, ಗಮನಿಸಿ. ‘ಏನಿಲ್ಲ, ಸುಮ್ನೆ ಕ್ಯಾಶುವಲ್ ಆಗಿ’ ಅಂತ ಕರೆದು ಒಳಗೆ ಕೂರಿಸಿಕೊಂಡು ದೂರು ತೆಗೆದ್ರೆ, ಮುಂದಿನ ಸಲ ನಿಮ್ಮ ‘ಏನಿಲ್ಲ’ವನ್ನು ಯಾರೂ ನಂಬಲ್ಲ. ಮೊದಲೇ ಗೊತ್ತಿದ್ರೆ ಅವರೂ ತಯಾರಾಗಿ ಬರ್ತಾರೆ: ‘ಬಿಲ್ಡ್ ನಮ್ಮ ಕೈಗೆ ಬಂದಿದ್ದೇ ಎರಡು ದಿನ ಲೇಟು’ ಅಂತ ತಾರೀಖಿನ ಸಮೇತ ತೋರಿಸ್ಬಹುದು. ಎಚ್‌ಆರ್ ಕೂರಲೇಬೇಕು ಅನ್ನೋ ನಿಯಮ ಇದ್ರೆ, ಯಾಕೆ ಅಂತ ಒಂದು ಸಾಲು ಸೇರಿಸಿ. ಕ್ಯಾಲೆಂಡರ್ ಇಡೀ ಟೀಮಿಗೆ ಕಾಣುತ್ತೆ ಅಂದ್ರೆ ಪ್ರೈವೇಟ್ ಮಾಡಿ.

ಆದ್ರೆ ಇದಕ್ಕೂ ಒಂದು ಮಿತಿ ಇದೆ. ನಿಜಕ್ಕೂ ಅವರನ್ನು ಪಿಐಪಿಗೆ ಹಾಕೋ ಮೀಟಿಂಗ್ ಆಗಿದ್ರೆ, ಅದನ್ನು ವರ್ಷದ ರಿವ್ಯೂ ಅಂತ ಕರೀಬೇಡಿ. ಅದು ಮೋಸ.

ಇಷ್ಟಾದ ಮೇಲೂ ‘ಸೀರಿಯಸ್ ಏನಾದ್ರೂ ಇದ್ಯಾ?’ ಅಂತ ಮೆಸೇಜ್ ಬಂತು ಅನ್ನಿ. ನಿಮ್ಮ ಇನ್ವೈಟ್‌ನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ‘ಆಗ ಮಾತಾಡೋಣ’ ಅನ್ನಬೇಡಿ. ‘ಕೆಲಸಕ್ಕೆ ತೊಂದರೆ ಇಲ್ಲ, ರಿಪೋರ್ಟ್ ತಡವಾಗಿದ್ದರ ಬಗ್ಗೆ ಅಷ್ಟೇ’ ಅಂತ ಆವಾಗಲೇ ಉತ್ತರ ಕಳಿಸಿ.