ಆಲ್ಬುಮಿನ್ ಬೇರೆ, ಒಟ್ಟು ಪ್ರೋಟೀನ್ ಬೇರೆ

ಮೂತ್ರ ಪರೀಕ್ಷೆಯ ವರದಿಯಲ್ಲಿ ‘ಆಲ್ಬುಮಿನ್’ ಎಂದಿದ್ದರೂ ‘ಪ್ರೋಟೀನ್’ ಎಂದಿದ್ದರೂ ಅರ್ಥ ಒಂದೇ ಎಂದು ಹಲವರು ತಿಳಿಯುತ್ತಾರೆ. ಆಲ್ಬುಮಿನ್ ಎಂಬುದು ಪ್ರೋಟೀನಿನ ಒಂದು ಬಗೆ ಮಾತ್ರ. ಆರೋಗ್ಯವಂತರ ಮೂತ್ರದಲ್ಲೂ ದಿನಕ್ಕೆ ಸುಮಾರು 150 ಮಿಲಿಗ್ರಾಂವರೆಗೆ ಪ್ರೋಟೀನ್ ಇರುವುದುಂಟು. ಅದರಲ್ಲಿ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ. ಉಳಿದುದರಲ್ಲಿ ಬಹುಪಾಲು ಮೂತ್ರಪಿಂಡದ ನಳಿಕೆಗಳೇ ಸ್ರವಿಸಿದ್ದು.

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡದ ಜರಡಿ ಕೆಡತೊಡಗಿದಾಗ ಮೊದಲು ಸೋರುವುದು ಸಾಮಾನ್ಯವಾಗಿ ಆಲ್ಬುಮಿನ್. ಅದು 20ರಿಂದ 60 ಮಿಲಿಗ್ರಾಂಗೆ ಏರಿತೆನ್ನಿ. ಆಗ ಒಟ್ಟು ಪ್ರೋಟೀನ್ 100ರಿಂದ 140 ಆದರೂ ಮಿತಿಯೊಳಗೇ ಉಳಿಯುತ್ತದೆ, ಕೆಡುಕು ಕಾಣುವುದೇ ಇಲ್ಲ! ಆದ್ದರಿಂದ ಇಂಥವರಿಗೆ ವರ್ಷಕ್ಕೊಮ್ಮೆ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನು ನೋಡುತ್ತಾರೆ. ಹೆಚ್ಚು ನೀರು ಕುಡಿದು ಮೂತ್ರ ತೆಳುವಾದರೆ ಎರಡೂ ಒಟ್ಟಿಗೆ ತೆಳುವಾಗುವುದರಿಂದ ಅನುಪಾತ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಜ್ವರವಿದ್ದಾಗ, ಓಡಿ ದಣಿದಾಗ ಆಲ್ಬುಮಿನ್ ತಾತ್ಕಾಲಿಕವಾಗಿ ಏರಬಹುದು. ಒಂದೇ ವರದಿ ಸಾಲದು.

ಇನ್ನು ಇದಕ್ಕೆ ತದ್ವಿರುದ್ಧವಾದ ಸಂದರ್ಭ. ಬೆನ್ನುನೋವು, ರಕ್ತಹೀನತೆ ಇರುವ ವೃದ್ಧರೊಬ್ಬರನ್ನು ಊಹಿಸಿಕೊಳ್ಳಿ. ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣ ಬದಲಾಗಿದ್ದು ಅತ್ಯಲ್ಪ. ಆದರೆ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ ಒಟ್ಟು ಪ್ರೋಟೀನ್ 2500 ಮಿಲಿಗ್ರಾಂ, ಆಲ್ಬುಮಿನ್ ಕೇವಲ 60! ಉಳಿದದ್ದು ಯಾವುದು? ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾದಲ್ಲಿ ಪ್ರತಿಕಾಯಗಳ ಸಣ್ಣ ತುಣುಕುಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಜರಡಿ ಸರಿಯಿದ್ದರೂ ಅವು ನುಸುಳಿಬಿಡುತ್ತವೆ. ಪಟ್ಟಿಯ ಬಣ್ಣ ಆಲ್ಬುಮಿನ್‌ಗೆ ಸ್ಪಂದಿಸುವಂತೆ ಇವುಗಳಿಗೆ ಸ್ಪಂದಿಸದು. ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ 1847ರಲ್ಲಿ ವರ್ಣಿಸಿದ ಪ್ರೋಟೀನ್ ಇದೇ. ಇಂಥ ಸಂಶಯವಿದ್ದಾಗ ವೈದ್ಯರು ಒಟ್ಟು ಪ್ರೋಟೀನನ್ನೂ ಅಳೆಸುತ್ತಾರೆ. ಅದು ಯಾವ ಬಗೆಯದೆಂದು ತಿಳಿಯಲು ವಿದ್ಯುತ್ ಹಾಯಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್ ಮಾಡಿಸುತ್ತಾರೆ.