ಉಗುರು ಸಿಕ್ಕದ ಸೋಫಾ, ಒಗೆಯಬಹುದಾದ ಜಮಖಾನ

ಬೆಕ್ಕು ಸಾಕಿದ ಮನೆಯಲ್ಲಿ ಸೋಫಾದ ಕೂರುವ ಜಾಗಕ್ಕಿಂತ ಮೊದಲು ಹರಿಯುವುದು ಅದರ ತೋಳಿನ ಹೊರಮೂಲೆ. ಬೆಕ್ಕು ಅಲ್ಲಿ ಪರಚುವುದು ತುಂಟತನಕ್ಕಲ್ಲ. ಉಗುರಿನ ಹಳೆಯ ಹೊರಪದರ ಕಳಚಬೇಕು, ಮೈ ನೀಳವಾಗಿ ಚಾಚಬೇಕು, ಅಂಗಾಲಿನ ಗ್ರಂಥಿಯ ವಾಸನೆ ಬಿಟ್ಟು ‘ಇದು ನನ್ನ ಜಾಗ’ ಎಂದು ಗುರುತು ಹಾಕಬೇಕು. ಅಲುಗಾಡದ, ಉಗುರು ನೆಡುವ ಎತ್ತರದ ವಸ್ತು ಸಿಕ್ಕರೆ ಈ ಮೂರೂ ಕೆಲಸ ಒಂದೇ ಕಡೆ ಮುಗಿಯುತ್ತವೆ. ಹಾಗಾಗಿ ಸೋಫಾ ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ಮೊದಲು ನೇಯ್ಗೆ ನೋಡಬೇಕು.

ದಾರ ಕುಣಿಕೆಯಂತೆ ಮೇಲೆದ್ದಿರುವ ಬೂಕ್ಲೆ, ಸಡಿಲವಾಗಿ ನೇಯ್ದ ಲಿನನ್, ಸೆಣಬಿನ ಬಟ್ಟೆ ಬೇಡ. ಉಗುರು ಕುಣಿಕೆಗೆ ಸಿಕ್ಕರೆ ಒಂದೆಳೆ ಉದ್ದಕ್ಕೂ ಎದ್ದು ಬರುತ್ತದೆ. ಒತ್ತಾಗಿ ನೇಯ್ದ ಮೈಕ್ರೋಫೈಬರ್ ಸ್ವೀಡ್ ಅಥವಾ ಗಿಡ್ಡ ಜುಂಗಿನ ವೆಲ್ವೆಟ್‌ನಲ್ಲಿ ಉಗುರಿಗೆ ಹಿಡಿತ ಸಿಗುವುದು ಕಷ್ಟ. ಚರ್ಮ, ರೆಕ್ಸಿನ್‌ಗಳಲ್ಲಿ ಕೂದಲು ಸುಲಭವಾಗಿ ಒರೆಸಿಹೋಗುತ್ತದೆ, ಆದರೆ ಗೀರು ಬಿದ್ದರೆ ಮಾಯುವುದಿಲ್ಲ. ಅಂಗಡಿಯವರು ಹೇಳುವ ಮಾರ್ಟಿಂಡೇಲ್ ಅಂಕಿ ಬಟ್ಟೆ ಎಷ್ಟು ಉಜ್ಜಾಟ ತಡೆಯುತ್ತದೆ ಎಂಬುದರ ಲೆಕ್ಕ. ಉಗುರಿನ ವಿಷಯ ಅದರಿಂದ ತಿಳಿಯದು. ಸ್ಯಾಂಪಲ್ ತುಂಡು ಕೇಳಿ ಪಡೆದು, ಸೇಫ್ಟಿ ಪಿನ್ನಿನ ಮೊನೆಯನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ದಾರ ಸಿಕ್ಕಿ ಮೇಲೆದ್ದರೆ ಆ ಬಟ್ಟೆ ಬೇಡ.

ಯಾವ ಬಟ್ಟೆಯೂ ಪೂರ್ತಿ ಪರಚುನಿರೋಧಕವಲ್ಲ. ಅದಕ್ಕೇ ಬೆಕ್ಕಿಗೆ ಅದರದೇ ಕಂಬ ಬೇಕು. ಸುಮಾರು ಮೂರಡಿ ಎತ್ತರದ ಮರದ ಕಂಬಕ್ಕೆ ಕತ್ತಾಳೆ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಅಗಲವಾದ ಭಾರದ ಹಲಗೆಗೆ ಬಿಗಿಯಿರಿ. ಒಮ್ಮೆ ವಾಲಿದರೂ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯದಿರಬಹುದು. ಕಂಬವನ್ನು ಕಣ್ಣಿಗೆ ಬೀಳದ ಬಾಲ್ಕನಿಯಲ್ಲಿ ಇಡಬೇಡಿ, ಈಗ ಪರಚುತ್ತಿರುವ ಮೂಲೆಗೇ ತಾಗಿಸಿಡಿ.

ನೆಲಕ್ಕೆ ಬೇಕಾದದ್ದು ನಮ್ಮಲ್ಲೇ ಇದೆ: ಹತ್ತಿಯ ಜಮಖಾನ. ಇದರ ನೇಯ್ಗೆ ಚಪ್ಪಟೆ, ಜುಂಗಿಲ್ಲ, ಕೂದಲು ಆಳಕ್ಕೆ ಇಳಿಯುವುದಿಲ್ಲ. ಹತ್ತಡಿಗೆ ಹದಿನಾಲ್ಕಡಿಯ ಹಾಲ್ ಎಂದುಕೊಳ್ಳಿ. ಒಂದು ದೊಡ್ಡ ಕಾರ್ಪೆಟ್ ಬದಲು ನಾಲ್ಕಡಿಗೆ ಆರಡಿಯ ಜಮಖಾನ ಎರಡಿದ್ದರೆ ಒಂದು ನೆಲದಲ್ಲಿರುವಾಗ ಇನ್ನೊಂದು ಒಗೆತಕ್ಕೆ ಹೋಗಬಹುದು. ಒಣ ಜಮಖಾನವನ್ನು ಮಷಿನ್ನಿಗೆ ಹಾಕಿದ ಮೇಲೂ ಮೇಲ್ಭಾಗದಲ್ಲಿ ಕೈ ಆಡಿಸುವಷ್ಟು ಜಾಗ ಉಳಿಯಬೇಕು. ಕೊಳ್ಳುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಮೂಲೆ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ. ನುಣುಪು ಟೈಲ್ಸ್ ಮೇಲೆ ಜಾರದಂತೆ ಅಡಿಗೆ ರಬ್ಬರ್ ಬಲೆ ಹಾಸಿ, ವಯಸ್ಸಾದ ನಾಯಿಗೆ ಇದು ತೀರಾ ಅಗತ್ಯ.

ಉಚ್ಚೆ ಬಿದ್ದರೆ ಉಜ್ಜಬೇಡಿ, ಹಳೆಯ ಬಟ್ಟೆ ಒತ್ತಿ ಹೀರಿಸಿ, ತಣ್ಣೀರು ಹಾಕಿ. ಸಾಬೂನಿನಲ್ಲಿ ಒಗೆದರೂ ಯೂರಿಕ್ ಆಮ್ಲದ ಹರಳು ನೂಲಿನಲ್ಲಿ ಉಳಿಯಬಹುದು. ಮಳೆಗಾಲದ ತೇವಕ್ಕೆ ವಾಸನೆ ಮರಳುವುದು, ನಾಯಿ ಅದೇ ಜಾಗವನ್ನು ಮೂಸಿ ಮತ್ತೆ ಕಾಲೆತ್ತುವುದು ಇದರಿಂದಲೇ. ಅದಕ್ಕೆ ಎನ್‌ಜೈಮ್ ಇರುವ ಕ್ಲೀನರ್ ಬೇಕು. ಲೇಬಲ್ ಹೇಳಿದಷ್ಟು ಹೊತ್ತು ಅದನ್ನು ನೆನೆಯಲು ಬಿಡಿ. ಬೆಕ್ಕಿರುವ ಮನೆಯಲ್ಲಿ ಫಿನೈಲ್ ಬೇಡವೇ ಬೇಡ. ಅದರ ಯಕೃತ್ತು ಫಿನಾಲ್ ಜಾತಿಯ ರಾಸಾಯನಿಕಗಳನ್ನು ಸರಿಯಾಗಿ ಅರಗಿಸಿ ಹೊರಹಾಕಲಾರದು. ನೆಲ ತುಳಿದ ಕಾಲನ್ನು ಬೆಕ್ಕು ನೆಕ್ಕಿಕೊಂಡೇ ತೀರುತ್ತದೆ.

ಇನ್ನು ಗಿಡಗಳು. ಹೆಚ್ಚಿನ ಮನೆಗಳಲ್ಲಿರುವ ಮನಿಪ್ಲಾಂಟ್ ಮತ್ತು ಡೈಫೆನ್‌ಬಾಕಿಯಾ ಕೆಸುವಿನ ಕುಟುಂಬದವು. ಹಸಿ ಕೆಸುವು ತಿಂದರೆ ನಮ್ಮ ಬಾಯಿ ತುರಿಸುವುದು ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಇವುಗಳಲ್ಲಿಯೂ ಅದೇ ಹರಳಿದೆ. ಕಚ್ಚಿದ ನಾಯಿ ಜೊಲ್ಲು ಸುರಿಸುತ್ತಾ ಮೂತಿಯನ್ನು ಕಾಲಿನಿಂದ ಉಜ್ಜಿಕೊಳ್ಳುತ್ತದೆ. ಲೋಳೆಸರ ತಿಂದರೆ ವಾಂತಿ, ಭೇದಿ. ಬದಲಿಗೆ ಅರೇಕಾ ಪಾಮ್, ಬಾಸ್ಟನ್ ಫರ್ನ್, ಕಲೇಥಿಯಾ, ಸ್ಪೈಡರ್ ಪ್ಲಾಂಟ್ ಇಡಬಹುದು. ಇವು ವಿಷವಲ್ಲ, ಆದರೂ ಬೆಕ್ಕು ಸಿಕ್ಕಾಪಟ್ಟೆ ಮೇಯ್ದರೆ ವಾಂತಿ ಮಾಡಿಕೊಂಡೀತು.

ನರ್ಸರಿಯಲ್ಲಿ ಹೆಸರು ನಂಬಿ ಮೋಸ ಹೋಗದಿರಿ. ಅರೇಕಾ ಪಾಮ್ ಸುರಕ್ಷಿತ, ಆದರೆ ಸೇಗೋ ಪಾಮ್ ಎಂದು ಮಾರುವ ಸೈಕಸ್ ನಾಯಿಯ ಯಕೃತ್ತನ್ನೇ ಕೆಡಿಸುವ ವಿಷ, ಅದರ ಬೀಜವಂತೂ ಇನ್ನೂ ಅಪಾಯಕರ. ಪೀಸ್ ಲಿಲಿ ಬಾಯಿ ಉರಿಸುತ್ತದೆ ಅಷ್ಟೇ, ಹೂಗುಚ್ಛದಲ್ಲಿ ಬರುವ ನಿಜವಾದ ಲಿಲಿ ಬೆಕ್ಕಿನ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬಲ್ಲದು. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಮೊದಮೊದಲು ಬೆಕ್ಕು ಮಂಕಾಗಿರುವುದು ಬಿಟ್ಟರೆ ಹೆಚ್ಚೇನೂ ಕಾಣದಿರಬಹುದು, ಹಾಗೆಂದು ಕಾಯುತ್ತಾ ಕೂರಬೇಡಿ. ಎಲೆಯೋ ಹೂವೋ ಒಂದು ತುಂಡನ್ನು ಜೊತೆಗೆ ಹಿಡಿದು ಆ ಕ್ಷಣವೇ ಪಶುವೈದ್ಯರ ಬಳಿಗೆ ಓಡಿ.